ಬೆಳ್ಳಿ ಕಪ್ಪಾದರೆ ಅದು ಕಲಬೆರಕೆ ಅಂತಲ್ಲ

ಬೆಳ್ಳಿ ಕೌಂಟರ್‌ನಲ್ಲಿ ನಾವು ಹೆಚ್ಚು ಕೇಳುವ ದೂರು ಒಂದೇ: "ಗೆಜ್ಜೆ ಕಪ್ಪಾಗಿದೆ, ಇದು ಒರಿಜಿನಲ್ ಬೆಳ್ಳಿ ಅಲ್ಲ." ಈ ಲೆಕ್ಕಾಚಾರವೇ ತಪ್ಪು. ಗಾಳಿ, ಬೆವರು, ಮೊಟ್ಟೆ, ಈರುಳ್ಳಿ, ರಬ್ಬರ್ ಬ್ಯಾಂಡ್ ಇವುಗಳಲ್ಲಿರುವ ಗಂಧಕ ಬೆಳ್ಳಿಗೆ ತಗುಲಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದೇ ಈ ಕಪ್ಪು. ಚೊಕ್ಕ ಬೆಳ್ಳಿಯೂ ಕಪ್ಪಾಗುತ್ತದೆ. ವರ್ಷಗಟ್ಟಲೆ ಹಾಕಿಕೊಂಡರೂ ಬಣ್ಣ ಬದಲಾಗದ ಒಡವೆಗೆ ರೋಡಿಯಂ ಲೇಪನ ಇರಬಹುದು, ಇಲ್ಲವೇ ಅದು ಬೆಳ್ಳಿಯೇ ಅಲ್ಲದಿರಬಹುದು.

ಹಾಗಾದರೆ ಬೆಳ್ಳಿ ಹೌದೋ ಅಲ್ಲವೋ ತಿಳಿಯುವುದು ಹೇಗೆ? ಮೊದಲು ಮುದ್ರೆ ನೋಡಿ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದು ಹೇಳುವ 925 ಎಂಬ ಅಂಕಿ ಮಾತ್ರ ಇದ್ದರೆ ಅದು ಹಾಲ್‌ಮಾರ್ಕ್ ಅಲ್ಲ, ಆ ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು. ಜೊತೆಗೆ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಚಿಹ್ನೆ ಇರಬೇಕು. ಪ್ರತಿ ಒಡವೆಗೂ ಬೇರೆಯಾಗಿ ಕೊಡುವ ಎಚ್‌ಯುಐಡಿ ಸಂಖ್ಯೆಯೂ ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಅಯಸ್ಕಾಂತದ ಪರೀಕ್ಷೆಯನ್ನು ನಂಬಬೇಡಿ. ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಯಾವುದೂ ಸಾಮಾನ್ಯವಾಗಿ ಅದಕ್ಕೆ ಅಂಟುವುದಿಲ್ಲ.

ಹಳೆಯ, ಮುದ್ರೆಯಿಲ್ಲದ ಸಾಮಾನಿಗೆ ಮನೆಯಲ್ಲೇ ಮಾಡಬಹುದಾದದ್ದು ನೀರಿನ ತೂಕ. 0.1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. 100 ಗ್ರಾಂ ತೂಗುವ ಒಂದು ಬೆಳ್ಳಿ ಬಟ್ಟಲು ಇದೆ ಎಂದುಕೊಳ್ಳಿ. ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆಗೆ ತನ್ನಿ. ಬಟ್ಟಲನ್ನು ತೆಳು ದಾರದಲ್ಲಿ ಕಟ್ಟಿ, ಪಾತ್ರೆಯ ತಳಕ್ಕಾಗಲಿ ಅಂಚಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. 925ರ ಬೆಳ್ಳಿಯಾದರೆ ತಕ್ಕಡಿ ಸುಮಾರು 9.7 ಗ್ರಾಂ ತೋರಿಸುತ್ತದೆ. ಜರ್ಮನ್ ಸಿಲ್ವರ್ ಆದರೆ ಸುಮಾರು 11.5. ಅದು ತಾಮ್ರ, ನಿಕಲ್, ಸತು ಬೆರೆತ ಲೋಹ, ಹೆಸರಿನಲ್ಲಿ ಬಿಟ್ಟು ಬೇರೆಲ್ಲೂ ಬೆಳ್ಳಿ ಇಲ್ಲ. ಹಗುರ ಲೋಹ ಅಷ್ಟೇ ತೂಕಕ್ಕೆ ಹೆಚ್ಚು ಜಾಗ ತೆಗೆದುಕೊಳ್ಳುವುದರಿಂದ ಈ ವ್ಯತ್ಯಾಸ.

ಇದಕ್ಕೂ ಮಿತಿ ಇದೆ. ತಾಮ್ರ ಹೆಚ್ಚಿರುವ 800ರ ಬೆಳ್ಳಿ 9.9 ತೋರಿಸುತ್ತದೆ. 9.7ಕ್ಕೂ 9.9ಕ್ಕೂ ನಡುವಿನ ಅಂತರವನ್ನು ಮನೆಯ ತಕ್ಕಡಿ ನಂಬುವಂತೆ ಹಿಡಿಯಲಾರದು. ಅಂದರೆ ನಕಲಿಯನ್ನು ಈ ಪರೀಕ್ಷೆ ಹಿಡಿಯುತ್ತದೆ, ಕಲಬೆರಕೆಯ ಪ್ರಮಾಣವನ್ನಲ್ಲ. ಗೆಜ್ಜೆಯ ಮಣಿಗಳೊಳಗೆ, ಟೊಳ್ಳು ಬಳೆಯೊಳಗೆ ಗಾಳಿ ಉಳಿದರೂ ಲೆಕ್ಕ ತಪ್ಪುತ್ತದೆ. ಅಂಥವನ್ನು ಅಕ್ಕಸಾಲಿಗರ ಹತ್ತಿರ ಒಯ್ಯಿರಿ. ಕಾಣದ ಜಾಗದಲ್ಲಿ ಅರದಿಂದ ಗೀರಿಯೇ ಆ್ಯಸಿಡ್ ಹಾಕಲು ಹೇಳಿ, ಮೇಲ್ಮೈಗೆ ಹಾಕಿದರೆ ಪರೀಕ್ಷೆಯಾಗುವುದು ಲೇಪನ ಮಾತ್ರ. ಗೀರಿದಲ್ಲಿ ನೈಟ್ರಿಕ್ ಆ್ಯಸಿಡ್ ಹಸಿರು ನೊರೆ ಕೊಟ್ಟರೆ ಒಳಗಿರುವುದು ತಾಮ್ರ ಬೆರೆತ ಬೇರೆ ಲೋಹ. ಈ ಆ್ಯಸಿಡ್ ಚರ್ಮ ಸುಡುತ್ತದೆ, ಮನೆಗೆ ತರಲೇಬೇಡಿ.

ಇನ್ನು ಕಪ್ಪು ತೆಗೆಯುವ ವಿಚಾರ. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಕಪ್ಪಿನ ಜೊತೆ ಬೆಳ್ಳಿಯೂ ಸವೆಯುತ್ತದೆ. ನಕಾಶೆ ಕೆಲಸದ ಗೆರೆಗಳು ಮೊದಲು ಅಳಿಸಿಹೋಗುತ್ತವೆ. ಅಲ್ಯೂಮಿನಿಯಂ ಫಾಯಿಲ್ ವಿಧಾನದಲ್ಲಿ ಹಾಗಲ್ಲ. ಅಲ್ಯೂಮಿನಿಯಂ ಆ ಗಂಧಕವನ್ನು ಬಿಡಿಸುತ್ತದೆ, ಬೆಳ್ಳಿ ಒಡವೆಯ ಮೇಲೇ ಉಳಿಯುತ್ತದೆ.

ಮೊದಲು ಒಡವೆಯನ್ನು ಪಾತ್ರೆ ತೊಳೆಯುವ ದ್ರವ ಸೋಪು, ಮೃದು ಬ್ರಷ್‌ನಿಂದ ತೊಳೆಯಿರಿ. ಅರಿಸಿನ, ಎಣ್ಣೆಯ ಜಿಡ್ಡು ಉಳಿದರೆ ಮುಂದಿನದು ನಡೆಯುವುದಿಲ್ಲ. ಸ್ಟೀಲ್ ಪಾತ್ರೆಯ ಒಳಗೆ ಫಾಯಿಲ್ ಹಾಸಿ, ಎರಡು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಸಣ್ಣ ಚಮಚ ಉಪ್ಪು ಹಾಕಿ. ಒಡವೆಯನ್ನು ಫಾಯಿಲ್‌ಗೆ ತಾಗುವಂತೆ ಇಟ್ಟು, ಕುದಿಸಿ ಇಳಿಸಿದ ಒಂದು ಲೀಟರ್ ನೀರನ್ನು ನಿಧಾನವಾಗಿ ಹುಯ್ಯಿರಿ, ಸೋಡಾ ಉಕ್ಕುತ್ತದೆ. ಕಿಟಕಿ ತೆರೆದಿರಲಿ, ಕೊಳೆತ ಮೊಟ್ಟೆಯ ವಾಸನೆ ಬರುವುದು ಸಹಜ. ಎರಡರಿಂದ ಐದು ನಿಮಿಷ ಬಿಟ್ಟು, ನಡುವೆ ಒಮ್ಮೆ ಇಕ್ಕಳದಿಂದ ಮಗುಚಿ. ಆಮೇಲೆ ತಣ್ಣೀರಲ್ಲಿ ತೊಳೆದು, ಹತ್ತಿ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ.

ಕಪ್ಪು ಹೋಗಲಿಲ್ಲವೆಂದರೆ ನೀರು ಆರಿರುತ್ತದೆ, ಒಡವೆ ಫಾಯಿಲ್‌ಗೆ ತಾಗಿರುವುದಿಲ್ಲ, ಇಲ್ಲವೇ ಫಾಯಿಲ್ ಮಾಸಿರುತ್ತದೆ. ಹೊಸ ಫಾಯಿಲ್, ಬಿಸಿ ನೀರಿನಲ್ಲಿ ಮತ್ತೊಮ್ಮೆ ಮಾಡಿ. ಹೊಳಪಿಲ್ಲದ ಬಿಳುಪು ಬಂದರೆ ಒಣ ಬಟ್ಟೆಯಿಂದ ಹಗುರವಾಗಿ ಉಜ್ಜಿದರೆ ಸಾಕು. ಅಂಚುಗಳಲ್ಲಿ ಕೆಂಪು ಕಂಡರೆ ಲೇಪನ ಸವೆದು ಒಳಗಿನ ತಾಮ್ರ ಹೊರಬಂದಿದೆ ಎಂದು ಅನುಮಾನಿಸಿ, ತೋರಿಸಿ ಖಚಿತಪಡಿಸಿಕೊಳ್ಳಿ.

ಮುತ್ತು, ಹವಳ, ಅಂಟಿಸಿದ ಕಲ್ಲು, ಒಳಗೆ ಅರಗು ತುಂಬಿದ ಒಡವೆ, ಚಿನ್ನದ ಲೇಪನದವು ಈ ಬಿಸಿನೀರಿಗೆ ಬೇಡ. ಆಕ್ಸಿಡೈಸ್ಡ್ ಬೆಳ್ಳಿಯಂತೂ ಬೇಡವೇ ಬೇಡ. ಅದರ ತಗ್ಗುಗಳಲ್ಲಿ ಬೇಕೆಂದೇ ಕೂರಿಸಿದ ಕಪ್ಪು ಐದು ನಿಮಿಷದಲ್ಲಿ ಹೋಗಿಬಿಡುತ್ತದೆ, ಮತ್ತೆ ಹಾಕಿಸಲು ಅಂಗಡಿಗೇ ಬರಬೇಕು. ಇವೆಲ್ಲಕ್ಕೂ ಒದ್ದೆ ಮೃದು ಬಟ್ಟೆಯಿಂದ ಒರೆಸುವುದಷ್ಟೇ ದಾರಿ.