ಎಡಗಡೆ 7, ಬಲಗಡೆ 61

ಕಾರ್ಯಕಾರಣ ಸಂಬಂಧದ ಪಾಠಕ್ಕೆ ಪಠ್ಯಪುಸ್ತಕದಲ್ಲಿ ಒಂದು ಪಟ್ಟಿ ಇರುತ್ತದೆ. ಒಂದು ಇನ್ನೊಂದಕ್ಕೆ ಕಾರಣವೇ ಎಂದು ತೀರ್ಮಾನಿಸಲು ನೋಡಬೇಕಾದವು ಎಂದು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ಒಂದು ಉಪನ್ಯಾಸದಲ್ಲಿ ಹೇಳಿದ ಒಂಬತ್ತು ಅಂಶಗಳು. ಮೆಡಿಕಲ್ ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ, ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಎಂಬ ಉದಾಹರಣೆ ಕೊಟ್ಟು ಪ್ರತಿಯೊಂದರ ಮುಂದೆ ಸರಿ ಗುರುತು ಹಾಕಿ ಮುಗಿಸುತ್ತಾರೆ. ಅಂಕವೂ ಬರುತ್ತದೆ. ಆದರೆ ಆ ಗುರುತು ಹಾಕುವುದಕ್ಕೆ ಏನು ನೋಡಿದಿರಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಅದಕ್ಕೇ ಈ ಸಲ ಪುಸ್ತಕ ಮುಚ್ಚಿಸಿ, ಬೋರ್ಡಿನ ಮೇಲೆ ಒಂದೇ ಒಂದು ಕೋಷ್ಟಕ ಬರೆದು ಪಾಠ ಶುರು ಮಾಡಿದೆ.

ಅದು ರಿಚರ್ಡ್ ಡಾಲ್ ಮತ್ತು ಹಿಲ್ 1952ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 1357 ಗಂಡಸರು, ಬೇರೆ ಕಾಯಿಲೆಗೆ ದಾಖಲಾಗಿದ್ದ 1357 ಗಂಡಸರು. ಇಬ್ಬರಿಗೂ ಒಂದೇ ಪ್ರಶ್ನೆಗಳು. ಎಡಗಡೆ ಕ್ಯಾನ್ಸರ್ ರೋಗಿಗಳ ಸಂಖ್ಯೆ, ಬಲಗಡೆ ಉಳಿದವರ ಸಂಖ್ಯೆ, ಸಾಲುಗಳಲ್ಲಿ ದಿನಕ್ಕೆ ಸರಾಸರಿ ಎಷ್ಟು ಸಿಗರೇಟು. ಸೇದದೇ ಇದ್ದವರು 7 ಮತ್ತು 61. ಐದಕ್ಕಿಂತ ಕಡಿಮೆ ಸೇದುವವರು 55 ಮತ್ತು 129. 5ರಿಂದ 14 ಸೇದುವವರು 489 ಮತ್ತು 570. 15ರಿಂದ 24ರವರು 475 ಮತ್ತು 431. 25ರಿಂದ 49ರವರು 293 ಮತ್ತು 154. ಐವತ್ತು ಅಥವಾ ಅದಕ್ಕೂ ಹೆಚ್ಚು ಸೇದುವವರು 38 ಮತ್ತು 12.

ಸುಮ್ಮನೆ ನೋಡಿ, ಲೆಕ್ಕ ಬೇಡ ಅಂದೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ ಮಾತು ಬಂತು: "ಮೇಡಂ, ಮೇಲೆ ಬಲಗಡೆ ಜಾಸ್ತಿ ಇದೆ, ಕೆಳಗೆ ಹೋಗ್ತಾ ಎಡಗಡೆ ಜಾಸ್ತಿ ಆಗುತ್ತೆ." ನಿಜ. ದಿನಕ್ಕೆ 15ರಿಂದ 24 ಎಂಬ ಸಾಲಿನಲ್ಲಿ ತಕ್ಕಡಿ ಮಗುಚುತ್ತದೆ.

ಆಮೇಲೆ ಲೆಕ್ಕಕ್ಕೆ ಇಳಿದೆವು. ಪ್ರತಿ ಸಾಲಿನಲ್ಲೂ ಎಡಗಡೆಯ ಸಂಖ್ಯೆಯನ್ನು ಬಲಗಡೆಯದರಿಂದ ಭಾಗಿಸಿ, ಬಂದದ್ದನ್ನು ಸೇದದವರ ಸಾಲಿನ ಭಾಗಲಬ್ಧದಿಂದ ಮತ್ತೆ ಭಾಗಿಸಬೇಕು. ಸೇದದವರದ್ದು 7 ಭಾಗಿಸು 61, ಅಂದರೆ ಸುಮಾರು 0.115. ಐದಕ್ಕಿಂತ ಕಡಿಮೆ ಸೇದುವವರದ್ದು 0.426. ಎರಡನೆಯದು ಮೊದಲನೆಯದರ 3.7 ಪಟ್ಟು. ಇದೇ ಆಡ್ಸ್ ರೇಶಿಯೋ. ಹೀಗೇ ಕೆಳಗಿಳಿದರೆ 7.5, 9.6, 16.6, ಕೊನೆಗೆ 27.6. ಎಲ್ಲೂ ಹಿಂದೆ ಸರಿಯದೆ ಏರುವ ಐದು ಮೆಟ್ಟಿಲು. ಪ್ರಮಾಣ ಹೆಚ್ಚಿದಂತೆ ಅಪಾಯ ಹೆಚ್ಚುತ್ತದೆ ಎನ್ನುವುದರ ರೂಪ ಇದು.

ಇಲ್ಲಿಗೆ ಒಬ್ಬ ಹುಡುಗ ಒಳ್ಳೆಯ ತಕರಾರು ತೆಗೆದ. ಇಡೀ ಏಣಿ ನಿಂತಿರುವುದು ಆ 7ರ ಮೇಲೆ, ಅಷ್ಟು ಚಿಕ್ಕ ಸಂಖ್ಯೆಯನ್ನು ನಂಬುವುದು ಹೇಗೆ ಅಂದ. ಸರಿ, ಅದನ್ನು 14 ಮಾಡಿ ನೋಡು ಅಂದೆ. ಅವನು ಮಾಡಿದ. ಎಲ್ಲ ಅನುಪಾತಗಳೂ ಅರ್ಧಕ್ಕೆ ಇಳಿದವು: 1.9, 3.7, 4.8, 8.3, 13.8. ಆದರೆ ಕ್ರಮ ಕದಲಲಿಲ್ಲ. ಕಾರಣ ಸರಳ: ಸೇದದವರ ಸಾಲು ಎಲ್ಲರಿಗೂ ಒಂದೇ ಛೇದ. ಅದು ಅಲುಗಾಡಿದರೆ ಏಣಿ ಇಡಿಯಾಗಿ ಮೇಲೆ ಕೆಳಗೆ ಹೋಗುತ್ತದೆ, ಮೆಟ್ಟಿಲುಗಳು ಅದಲುಬದಲಾಗುವುದಿಲ್ಲ. ಕೊನೆಯ ಸಾಲಿನ 27.6 ನಿಜಕ್ಕೂ ಅಷ್ಟೇನೂ ಗಟ್ಟಿಯಲ್ಲ. ಆಕಸ್ಮಿಕ ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ 95 ಶೇಕಡಾ ವಿಶ್ವಾಸ ವ್ಯಾಪ್ತಿ ಹಾಕಿದರೆ 10ರಿಂದ 76ರವರೆಗೆ ಚಾಚುತ್ತದೆ. ಒಂದೇ ಸಾಲನ್ನು ಹಿಡಿದು ವಾದಿಸುವವನು ಸೋಲುತ್ತಾನೆ. ಸಾಲುಗಳೆಲ್ಲ ಒಂದೇ ದಿಕ್ಕಿಗೆ ಏರುವುದರಲ್ಲೇ ಸಾಕ್ಷ್ಯದ ತೂಕವಿದೆ.

ಇನ್ನೊಬ್ಬಳ ಪ್ರಶ್ನೆ ಇನ್ನೂ ಆಳದ್ದು. ಅವಳಿಗೆ ತಿಳಿಯದೆಯೇ ಅದು ರೊನಾಲ್ಡ್ ಫಿಶರ್ 1950ರ ದಶಕದ ಕೊನೆಯಲ್ಲಿ ಎತ್ತಿದ ಪ್ರಶ್ನೆಯೇ ಆಗಿತ್ತು. ಫಿಶರ್ ಸಂಖ್ಯಾಶಾಸ್ತ್ರದ ದಿಗ್ಗಜ, ಸ್ವತಃ ಪೈಪ್ ಸೇದುವವರು. ಹುಡುಗಿ ಕೇಳಿದ್ದು ಹೀಗೆ: "ಹುಟ್ಟಿನಿಂದಲೇ ಬಂದ ಯಾವುದೋ ಗುಣ ಸಿಗರೇಟಿನ ಚಟಕ್ಕೂ ಕ್ಯಾನ್ಸರಿಗೂ ಎರಡಕ್ಕೂ ಕಾರಣ ಆಗಿರಬಹುದಲ್ಲ ಮೇಡಂ? ಆ ಗುಣ ಜೋರಾಗಿದ್ದವರು ಜಾಸ್ತಿ ಸೇದುತ್ತಾರೆ, ಅವರಿಗೇ ಕ್ಯಾನ್ಸರೂ ಜಾಸ್ತಿ. ಆಗಲೂ ಇದೇ ಏಣಿ ಬರುತ್ತಲ್ಲ?"

ಬರುತ್ತದೆ. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು, ಪಾಠಗಳಲ್ಲಿ ಹೆಚ್ಚಾಗಿ ಇದನ್ನು ಹಾರಿಸಿಬಿಡುತ್ತಾರೆ. ಏಣಿ ಇದ್ದ ಮಾತ್ರಕ್ಕೆ ಮರೆಯಲ್ಲಿರುವ ಮೂರನೆಯ ಕಾರಣ ಸತ್ತುಹೋಗುವುದಿಲ್ಲ. ಆದರೆ ಅದು ಬದುಕಬೇಕಾದರೆ ಯಾವ ಷರತ್ತು ಪೂರೈಸಬೇಕು ಎಂದು ಏಣಿ ಹೇಳುತ್ತದೆ. 1959ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಅದನ್ನು ಲೆಕ್ಕದಲ್ಲೇ ತೋರಿಸಿದರು. ಸಿಗರೇಟು ಏನೂ ಮಾಡುವುದಿಲ್ಲ, ಎಲ್ಲ ಆ ಮರೆಯ ಗುಣದ ಕೆಲಸ ಎಂದುಕೊಳ್ಳಿ. ಸೇದುವವರ ಅಪಾಯ ಸೇದದವರ ಒಂಬತ್ತು ಪಟ್ಟು ಎಂದಾದರೆ, ಆ ಗುಣವೂ ಸೇದುವವರಲ್ಲಿ ಕನಿಷ್ಠ ಒಂಬತ್ತು ಪಟ್ಟು ಸಾಮಾನ್ಯವಾಗಿರಲೇಬೇಕು. ಸೇದದ ನೂರು ಜನರಲ್ಲಿ ಹತ್ತು ಮಂದಿಗೆ ಅದು ಇದ್ದರೆ ಸೇದುವ ನೂರರಲ್ಲಿ ತೊಂಬತ್ತು ಮಂದಿಗೆ ಇರಬೇಕು. ಸೇದದವರಲ್ಲಿ ಹದಿನೈದು ಮಂದಿಗೆ ಇದ್ದರೆ? ಸೇದುವ ನೂರರಲ್ಲಿ ನೂರ ಮೂವತ್ತೈದು ಮಂದಿಗೆ ಇರಬೇಕಾಗುತ್ತದೆ, ಆಗದ ಮಾತು.

ಇದನ್ನೇ ನಮ್ಮ ಕೋಷ್ಟಕದ ಮೇಲೆ ಇಟ್ಟೆವು. 25ರಿಂದ 49 ಸೇದುವವರ ಸಾಲಿಗೆ 16.6 ಪಟ್ಟು. ಹಾಗಾದರೆ ಸೇದದವರಲ್ಲಿ ಆ ಗುಣ ನೂರಕ್ಕೆ ಆರಕ್ಕಿಂತ ಹೆಚ್ಚು ಜನರಲ್ಲಿ ಇರುವಂತಿಲ್ಲ, ಆರು ಜನರಲ್ಲಿ ಇದ್ದರೆ ಆ ಸಾಲಿನವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಇರಬೇಕು. ಅಷ್ಟೇ ಸಾಲದು, ನಡುವಿನ ಸಾಲುಗಳಲ್ಲೂ ಅದು ಸಿಗರೇಟಿನ ಸಂಖ್ಯೆಗೆ ತಕ್ಕಂತೆ ಏರುತ್ತ ಬರಬೇಕು. ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿಗೂ ಇದನ್ನು ಮಾಡಿ ನೋಡಿ, "ಇಷ್ಟೆಲ್ಲ ಮಾಡಬಲ್ಲ ಗುಣ ಸಿಗರೇಟೇ ಆಗಿರಬೇಕು" ಅಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಫಿಶರ್ ಅಂಥ ಗುಣದ ಹೆಸರನ್ನೂ ಹೇಳಲಿಲ್ಲ, ಅಳತೆಯನ್ನೂ ಕೊಡಲಿಲ್ಲ.

ಹಿಲ್ ಪಟ್ಟಿಯ ಇನ್ನೊಂದು ಅಂಶವಾದ ಸ್ಥಿರತೆಯ ವಿಷಯಕ್ಕೆ ಬರುವಾಗ ತರಗತಿ ಸ್ವಲ್ಪ ನಿರಾಳವಾಯಿತು. ಹಲವು ಅಧ್ಯಯನ ಒಂದೇ ಮಾತು ಹೇಳಿದರೆ ಸ್ಥಿರತೆ, ಮುಗಿಯಿತು ಎಂಬ ನೆಮ್ಮದಿ. 1964ರ ಹೊತ್ತಿಗೆ ಅಮೆರಿಕದ ಸರ್ಜನ್ ಜನರಲ್‌ರ ಸಲಹಾ ಸಮಿತಿಯ ಮುಂದೆ ರೋಗಿಗಳನ್ನು ಕೇಳಿ ಹಿಂದಕ್ಕೆ ನೋಡುವ 29 ಅಧ್ಯಯನಗಳೂ ಆರೋಗ್ಯವಾಗಿದ್ದವರನ್ನು ಗಮನಿಸುತ್ತ ಮುಂದಕ್ಕೆ ನೋಡುವ 7 ಅಧ್ಯಯನಗಳೂ ಇದ್ದವು, ಎಲ್ಲದರಲ್ಲೂ ಈ ನಂಟು ಕಂಡಿತ್ತು. 36 ದೊಡ್ಡ ಸಂಖ್ಯೆ. ಆದರೆ ನಾನು ಕೇಳಿದ್ದು ಬೇರೆ: ಆ 29ರಲ್ಲೂ ಒಂದೇ ತಪ್ಪು ಇದ್ದಿದ್ದರೆ?

ಆ ತಪ್ಪು ಯಾವುದಿರಬಹುದು ಎಂದು ಯೋಚಿಸಿದರು. ಕ್ಯಾನ್ಸರ್ ಎಂದು ಗೊತ್ತಾದ ರೋಗಿ ತನ್ನ ಸಿಗರೇಟುಗಳನ್ನು ಜಾಸ್ತಿ ನೆನಪಿಸಿಕೊಳ್ಳಬಹುದು. ಪ್ರಶ್ನೆ ಕೇಳುವವರು ಕ್ಯಾನ್ಸರ್ ರೋಗಿಯನ್ನು ಹೆಚ್ಚು ಕೆದಕಬಹುದು. ಒಂದೇ ಬಗೆಯ ದೋಷವಿರುವ ಅಧ್ಯಯನ ನೂರು ಸಲ ನಡೆದರೂ ಆ ದೋಷವೇ ನೂರು ಸಲ ಕಾಣುತ್ತದೆ, ಅದನ್ನು ಸ್ಥಿರತೆ ಅನ್ನಲಾಗದು.

ಡಾಲ್ ಮತ್ತು ಹಿಲ್ 1950ರ ತಮ್ಮ ಮೊದಲ ವರದಿಯಲ್ಲೇ ಇದಕ್ಕೆ ಒಂದು ಸೊಗಸಾದ ಪರೀಕ್ಷೆ ಮಾಡಿದ್ದರು. ಸಂದರ್ಶನದ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದೇ ಅಂದುಕೊಂಡಿದ್ದ ಕೆಲವು ರೋಗಿಗಳಿಗೆ ಆ ಕಾಯಿಲೆ ಇಲ್ಲವೆಂದು ಆಮೇಲೆ ತಿಳಿಯಿತು. ಸಂದರ್ಶನ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ದೋಷ ಕೆದಕುವುದರಲ್ಲಿ ಇದ್ದಿದ್ದರೆ ಇವರೂ ಭಾರೀ ಸೇದುವವರಂತೆ ಕಾಣಬೇಕಿತ್ತು. ಕಂಡಿದ್ದು ಹಾಗಲ್ಲ, ಇವರ ಸೇದುವ ಅಭ್ಯಾಸ ಬಲಗಡೆಯ ಕಾಲಮಿನವರಂತೆಯೇ ಇತ್ತು. ಈ ಚಿಕ್ಕ ಗುಂಪಿನ ಬಗ್ಗೆ ಓದಿದಾಗೆಲ್ಲ ನನಗೆ ಅದೇ ಮೊದಲ ಸಲದ ಸಂತೋಷ.

ಮುಂದಕ್ಕೆ ನೋಡುವ ಅಧ್ಯಯನದಲ್ಲಿ ನೆನಪಿನ ದೋಷಕ್ಕೆ ಜಾಗವೇ ಇಲ್ಲ. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಪ್ರಶ್ನಾವಳಿ ಕಳಿಸಿ, ಉತ್ತರ ಕೊಟ್ಟ ಸುಮಾರು 40,000 ವೈದ್ಯರ ಸಾವುಗಳನ್ನು ವರ್ಷಗಟ್ಟಲೆ ಗಮನಿಸಿದರು. ಇದಕ್ಕೆ ಬೇರೆ ದೋಷ ಉಂಟು: ಕಾಯಿಲೆ ಬಿದ್ದವರು ಪತ್ರಕ್ಕೆ ಉತ್ತರಿಸುವುದು ಕಡಿಮೆ, ಹಾಗಾಗಿ ಗುಂಪು ಸರಾಸರಿಗಿಂತ ಆರೋಗ್ಯವಾಗಿರುತ್ತದೆ. ಆದರೂ ಹಿಲ್ ತಮ್ಮ ಉಪನ್ಯಾಸದಲ್ಲಿ ಉಲ್ಲೇಖಿಸಿದ ಅಂಕಿಗಳು ಹೀಗಿದ್ದವು: ವರ್ಷಕ್ಕೆ ಸಾವಿರ ಜನರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು, ಸೇದದವರಲ್ಲಿ 0.07, ದಿನಕ್ಕೆ 14ರವರೆಗೆ ಸೇದುವವರಲ್ಲಿ 0.57, 24ರವರೆಗೆ 1.39, 25 ಅಥವಾ ಅದಕ್ಕೂ ಹೆಚ್ಚು ಸೇದಿದರೆ 2.27. ಎಂಟು, ಇಪ್ಪತ್ತು, ಮೂವತ್ತೆರಡು ಪಟ್ಟು. ಆಸ್ಪತ್ರೆ ರೋಗಿಗಳ ಏಣಿಗೂ ಇದಕ್ಕೂ ದೋಷಗಳು ಬೇರೆಬೇರೆ, ಆಕಾರ ಒಂದೇ. ಸ್ಥಿರತೆ ಎಂದರೆ ನನ್ನ ಪ್ರಕಾರ ಇಷ್ಟು.

ಹೊಂದದ ಸಂಗತಿಯನ್ನೂ ಬೋರ್ಡಿನ ಮೇಲೆ ಬರೆದೆ. 1950ರ ಅಧ್ಯಯನದಲ್ಲಿ ಹೊಗೆಯನ್ನು ಒಳಗೆ ಎಳೆಯುತ್ತೀರಾ ಎಂದೂ ಕೇಳಿದ್ದರು. ಸೇದುವ ಕ್ಯಾನ್ಸರ್ ರೋಗಿಗಳಲ್ಲಿ ಹೌದು ಅಂದವರು ಶೇಕಡಾ 61.6, ಉಳಿದವರಲ್ಲಿ 67.2. ಉಲ್ಟಾ! ಫಿಶರ್ ಇದನ್ನೇ ಹಿಡಿದು ಜಗ್ಗಿದರು, ಜಗ್ಗುವುದು ನ್ಯಾಯವೂ ಆಗಿತ್ತು. ದಿನಕ್ಕೆ ಎಷ್ಟು ಸಿಗರೇಟು ಎಂಬುದು ಎಣಿಸಿ ಹೇಳುವ ಮಾತು, ಒಳಗೆ ಎಷ್ಟು ಎಳೆಯುತ್ತೇನೆ ಎಂಬುದು ಅವರವರ ಅಂದಾಜು. ಅಳತೆ ಸಡಿಲವಾದಲ್ಲಿ ಏಣಿ ಕಾಣದೇ ಹೋಗಬಹುದು. ಇದು ಪೂರ್ತಿ ಉತ್ತರವಲ್ಲ ಎಂದೂ ಹೇಳಿ, ಆ ಎರಡು ಅಂಕಿಗಳನ್ನು ಒರೆಸದೆ ಬಿಟ್ಟೆ.

ಹುಟ್ಟುಗುಣದ ವಾದಕ್ಕೆ ಎಲ್ಲಕ್ಕಿಂತ ಕಷ್ಟ ಕೊಡುವುದು ಸೇದುವುದನ್ನು ಬಿಟ್ಟವರು. 2000ದಲ್ಲಿ ರಿಚರ್ಡ್ ಪೀಟೋ, ಡಾಲ್ ಮತ್ತಿತರರು ಲೆಕ್ಕ ಹಾಕಿದಂತೆ, ಬ್ರಿಟನ್ನಿನಲ್ಲಿ ಸೇದುತ್ತಲೇ ಇದ್ದ ಗಂಡಸರು 75ನೇ ವಯಸ್ಸಿನೊಳಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಶೇಕಡಾ 16. ಅರವತ್ತಕ್ಕೆ ಬಿಟ್ಟವರಲ್ಲಿ 10, ಐವತ್ತಕ್ಕೆ ಬಿಟ್ಟವರಲ್ಲಿ 6, ನಲವತ್ತಕ್ಕೆ 3, ಮೂವತ್ತಕ್ಕೆ 2ಕ್ಕೂ ಕಡಿಮೆ. ಇನ್ನೊಂದು ಏಣಿ, ಈ ಸಲ ಇಳಿಯುವುದು. ಹುಟ್ಟಿನಿಂದ ಬಂದ ಗುಣಕ್ಕೆ ಮನುಷ್ಯ ಯಾವ ವಯಸ್ಸಿನಲ್ಲಿ ಸೇದುವುದನ್ನು ಬಿಟ್ಟ ಎಂದು ಹೇಗೆ ಗೊತ್ತಾಗಬೇಕು?

ಗಂಟೆ ಹೊಡೆದ ಮೇಲೂ ಹೋಗದೆ ನಿಂತಿದ್ದವನು 7ನ್ನು ನಂಬದ ಹುಡುಗನೇ. "ಮೇಡಂ, ಈ ಕೋಷ್ಟಕದಲ್ಲಿ ಎಷ್ಟು ವರ್ಷ ಸೇದಿದರು ಅನ್ನೋ ಕಾಲಮೇ ಇಲ್ಲ." ಇಲ್ಲ. 1978ರಲ್ಲಿ ಡಾಲ್ ಮತ್ತು ಪೀಟೋ ವೈದ್ಯರ ಅಂಕಿಗಳಿಂದ ತೋರಿಸಿದ್ದು ಅದನ್ನೇ: ದಿನದ ಸಿಗರೇಟು 20ರಿಂದ 40ಕ್ಕೆ ಏರಿದರೆ ಅಪಾಯ ಮೂರು ಪಟ್ಟಿನಷ್ಟು ಏರುತ್ತದೆ, ಸೇದಿದ ವರ್ಷಗಳು ಎರಡರಷ್ಟಾದರೆ ಇಪ್ಪತ್ತು ಪಟ್ಟನ್ನೂ ದಾಟುತ್ತದೆ. ಹಾಗಾಗಿ 5ರಿಂದ 14 ಎಂಬ ಒಂದೇ ಸಾಲಿನಲ್ಲಿ ಹತ್ತು ವರ್ಷ ಸೇದಿದವನೂ ನಲವತ್ತು ವರ್ಷ ಸೇದಿದವನೂ ಒಟ್ಟಿಗೆ ಕೂತಿದ್ದಾರೆ. ಅವರಿಬ್ಬರನ್ನೂ ಬೇರ್ಪಡಿಸಿದರೆ ಮೆಟ್ಟಿಲುಗಳು ಎಷ್ಟು ಕಡಿದಾಗುತ್ತವೆ ಎಂದು ಅವನು ಅಲ್ಲೇ ಬೋರ್ಡಿನ ಮೂಲೆಯಲ್ಲಿ ಲೆಕ್ಕ ಶುರು ಮಾಡಿದ.