ಮೇಷ್ಟ್ರ ಸೈಕಲ್ ಟೈರು

ಮೇಷ್ಟ್ರು ತೀರಿಕೊಂಡ ದಿನ ನಮ್ಮ ಬಿ.ಪಿ.ಎಡ್ ಬ್ಯಾಚಿನವರು ಒಬ್ಬರಿಗೊಬ್ಬರು ಫೋನು ಮಾಡಿದೆವು. ಎಲ್ಲರ ಬಾಯಲ್ಲೂ ಬಂದದ್ದು ಒಂದೇ ವಸ್ತು: ವಾಲಿಬಾಲ್ ಅಂಕಣದ ಹಿಂದಿನ ಗೆರೆಯ ಹತ್ತಿರ ಸದಾ ಬಿದ್ದಿರುತ್ತಿದ್ದ ಹಳೆಯ ಸೈಕಲ್ ಟೈರು. ಕೌಶಲ ಕಲಿಕೆಯ ಮೂರು ಹಂತಗಳನ್ನು ಅವರು ಕಲಿಸಿದ್ದು ಆ ಟೈರನ್ನು ಇಟ್ಟುಕೊಂಡೇ. ಉಳಿದ ಪಾಠಗಳಲ್ಲಿ ಎಷ್ಟೋ ಮರೆತುಹೋಗಿವೆ, ಇದೊಂದು ಉಳಿದಿದೆ. ಈಗ ಅದೇ ಬೆಂಚಿನಲ್ಲಿ ಕುಳಿತು ಓದುತ್ತಿರುವವರಿಗಾಗಿ ಅದನ್ನು ಬರೆಯುತ್ತಿದ್ದೇನೆ.

ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಹಂತಗಳು ಇವು: ಜ್ಞಾನಾತ್ಮಕ, ಸಾಹಚರ್ಯ ಮತ್ತು ಸ್ವಯಂಚಾಲಿತ. ಇಂದಿನ ಉತ್ತರಪತ್ರಿಕೆಗಳಲ್ಲಿ ಇವು ಮೂರು ಕಾಲಮ್ಮಿನ ಪಟ್ಟಿಯಾಗಿ ಬರುತ್ತವೆ, ಪ್ರತಿ ಕಾಲಮ್ಮಿನಲ್ಲೂ ನಾಲ್ಕು ಲಕ್ಷಣ. ಅಂಕವೂ ಸಿಗುತ್ತದೆ. ಆದರೆ ಎದುರಿಗೆ ಸರ್ವಿಸ್ ಮಾಡುತ್ತಿರುವ ಹುಡುಗ ಯಾವ ಹಂತದಲ್ಲಿದ್ದಾನೆ ಎಂದು ಕೇಳಿದರೆ ಆ ಪಟ್ಟಿ ಬರೆದವರಿಗೆ ಹೇಳಲಾಗುವುದಿಲ್ಲ. ಈ ಪಾಠವನ್ನು ಮೈದಾನಕ್ಕೆ ಇಳಿಸದೆ ಮುಗಿಸುವುದು ತಪ್ಪು ಎಂದೇ ನಾನು ನಂಬಿದ್ದೇನೆ.

ಮೇಷ್ಟ್ರು ಆರಿಸಿಕೊಂಡದ್ದು ತಲೆಯ ಮೇಲಿನಿಂದ ಹೊಡೆಯುವ ಫ್ಲೋಟ್ ಸರ್ವಿಸ್. ನಮ್ಮ ತರಗತಿಯಲ್ಲಿ ಖೋ-ಖೋ ಆಟದಿಂದ ಬಂದವನೊಬ್ಬನಿದ್ದ. ಕಾಲಿನಲ್ಲಿ ಮಿಂಚು, ಆದರೆ ವಾಲಿಬಾಲ್ ಕೈಗೆ ಬಂದರೆ ತಬ್ಬಿಬ್ಬು. ಚೆಂಡು ಒಮ್ಮೆ ನೆಟ್ಟಿಗೆ, ಒಮ್ಮೆ ಆಕಾಶಕ್ಕೆ, ಒಮ್ಮೆ ಪಕ್ಕದ ಬೇಲಿಗೆ. "ಏನು ತಪ್ಪಾಯಿತಪ್ಪ?" ಎಂದು ಕೇಳಿದರೆ "ಗೊತ್ತಾಗಲಿಲ್ಲ ಸಾರ್" ಎನ್ನುತ್ತಿದ್ದ. ಜ್ಞಾನಾತ್ಮಕ ಹಂತದ ಗುರುತೇ ಇದು. ತಪ್ಪುಗಳು ದೊಡ್ಡವು, ದಿಕ್ಕಿಗೊಂದರಂತೆ ಚೆದುರಿದವು, ಮಾಡಿದವನಿಗೇ ಅವುಗಳ ಕಾರಣ ತಿಳಿಯದು. ಎಡಗಾಲು ಮುಂದೆ, ಮೊಣಕೈ ಮೇಲೆ, ಮಣಿಕಟ್ಟು ಗಟ್ಟಿ ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿರುವಾಗ ಚೆಂಡನ್ನು ನೋಡಲು ಗಮನವೇ ಉಳಿದಿರುವುದಿಲ್ಲ.

ಆಗ ಶಿಕ್ಷಕರು ಹೆಚ್ಚು ಹೇಳಿದಷ್ಟೂ ಕಲಿಯುವವನು ಹೆಚ್ಚು ಕೆಡುತ್ತಾನೆ. ಮೇಷ್ಟ್ರು ಎರಡು ಸಲ ತಾವೇ ಹೊಡೆದು ತೋರಿಸಿದರು, ಒಮ್ಮೆ ಪಕ್ಕದಿಂದ ಕಾಣುವಂತೆ, ಒಮ್ಮೆ ಹಿಂದಿನಿಂದ ಕಾಣುವಂತೆ. ಆಮೇಲೆ ಹೊಡೆತವನ್ನೇ ಕೈಬಿಟ್ಟು, ಬರೀ ಚೆಂಡು ಎಸೆಯಲು ಹೇಳಿದರು. ಎಡಗಾಲ ತುದಿಯಿಂದ ಸುಮಾರು ಒಂದು ಅಡಿ ಮುಂದೆ, ಬಲ ಭುಜದ ನೇರಕ್ಕೆ ಟೈರು ಇಟ್ಟರು. ಎಡಗೈಯಿಂದ ಚೆಂಡನ್ನು ತಿರುಗದಂತೆ, ಚಾಚಿದ ಬಲಗೈಗಿಂತ ಸ್ವಲ್ಪ ಎತ್ತರಕ್ಕೆ ಎತ್ತಬೇಕು. ಹೊಡೆಯದೆ ಬಿಟ್ಟರೆ ಅದು ಟೈರಿನೊಳಗೆ ಬೀಳಬೇಕು. ಹತ್ತರಲ್ಲಿ ಎಂಟು ಬೀಳುವ ತನಕ ಹೊಡೆಯುವಂತಿಲ್ಲ. ಹೊಡೆಯಲು ಬಿಟ್ಟಾಗಲೂ ಮೊದಲು ನಿಲ್ಲಿಸಿದ್ದು ಒಂಬತ್ತು ಮೀಟರಿನ ಗೆರೆಯಲ್ಲಲ್ಲ, ನೆಟ್ಟಿನಿಂದ ಆರು ಮೀಟರಿನಲ್ಲಿ. ದೂರಕ್ಕೆ ಹೆದರಿದವನು ಭುಜದ ಬಲ ಹಾಕಿ ಎಸೆತವನ್ನು ಮತ್ತೆ ಕೆಡಿಸಿಕೊಳ್ಳುತ್ತಾನೆ.

ಇಲ್ಲಿಯೇ ನಮ್ಮ ತರಗತಿಯ ಕಿಡಿಗೇಡಿತನವೂ ನಡೆಯಿತು. ಎಂಟರ ಲೆಕ್ಕ ಬೇಗ ಮುಗಿಯಲೆಂದು ಕೆಲವರು ಮೇಷ್ಟ್ರು ಆಚೆ ತಿರುಗಿದಾಗ ಟೈರನ್ನು ಒಂದು ಹೆಜ್ಜೆ ಹಿಂದಕ್ಕೆ, ಚೆಂಡು ಬೀಳುತ್ತಿದ್ದ ಜಾಗಕ್ಕೇ ಸರಿಸಿದರು. ಎಲ್ಲರಿಗೂ ಎಂಟು, ಒಂಬತ್ತು ಬಂತು. ಹೊಡೆಯಲು ಶುರು ಮಾಡಿದ ಮೇಲೆ ಚೆಂಡುಗಳೆಲ್ಲ ಮೇಲಕ್ಕೇರಿ ಅಂಕಣದಾಚೆ ಬಿದ್ದವು. ಮೇಷ್ಟ್ರು ಟೈರಿನ ಕಡೆ ನೋಡಲೇ ಇಲ್ಲ. "ಟೈರು ಯಾರೋ ಹಿಂದಕ್ಕೆ ಎಳೆದಿದ್ದೀರಿ" ಎಂದರು. ಹೇಗೆ ಗೊತ್ತಾಯಿತೆಂದು ವಿವರಿಸಿದ್ದೇ ಆ ದಿನದ ಪಾಠವಾಯಿತು. ಎಸೆತ ತಲೆಯ ಹಿಂದಕ್ಕೆ ಹೋದರೆ ಬೆನ್ನು ಬಿಲ್ಲಿನಂತೆ ಬಾಗಿ, ಅಂಗೈ ಚೆಂಡಿನ ಕೆಳಭಾಗಕ್ಕೆ ತಗಲುತ್ತದೆ, ಚೆಂಡು ಮೇಲೇರುತ್ತದೆ. ತೀರಾ ಮುಂದೆ ಹೋದರೆ ಚೆಂಡು ಇಳಿದ ಮೇಲೆ ಕೈ ತಲುಪುತ್ತದೆ, ಅಂಗೈ ಮೇಲ್ಭಾಗಕ್ಕೆ ತಗಲಿ ಚೆಂಡು ನೆಟ್ಟಿಗೆ ಹೋಗುತ್ತದೆ. ಎಡಕ್ಕೆ ಹೋದರೆ ತೋಳು ಎದೆಗೆ ಅಡ್ಡಲಾಗಿ ಬೀಸಿ ಚೆಂಡು ಸುತ್ತುತ್ತ ಪಕ್ಕಕ್ಕೆ ಓಡುತ್ತದೆ. ತಪ್ಪು ಕಾಣುವುದು ಹೊಡೆತದಲ್ಲಿ, ಹುಟ್ಟುವುದು ಎಸೆತದಲ್ಲಿ.

ಕೆಲವು ವಾರಗಳಲ್ಲಿ ಖೋ-ಖೋ ಹುಡುಗನ ತಪ್ಪುಗಳ ರೂಪ ಬದಲಾಯಿತು. ಚೆದುರಿದ್ದ ತಪ್ಪುಗಳು ಒಂದೇ ಕಡೆ ಗುಂಪಾದವು: ಹೋದರೆ ನೆಟ್ಟಿಗೇ, ಅದೂ ಮೇಲಿನ ಪಟ್ಟಿಗೆ. ಕೇಳುವ ಮೊದಲೇ "ಮುಂದಕ್ಕೆ ಎಸೆದೆ ಸಾರ್" ಎನ್ನತೊಡಗಿದ. ಈ ಮಾತು ಬಂದಾಗ ಸಾಹಚರ್ಯ ಹಂತ ಬಂದಿದೆ ಎಂದು ತಿಳಿಯಬಹುದು. ಯಾವ ಎಸೆತಕ್ಕೆ ಯಾವ ಫಲ ಎಂಬ ನಂಟು ಅವನೊಳಗೆ ಕೂಡಿಕೊಂಡಿರುತ್ತದೆ. ಮೂರರಲ್ಲಿ ಅತಿ ದೀರ್ಘವಾದದ್ದು ಇದೇ, ತಿಂಗಳುಗಟ್ಟಲೆ ಹಿಡಿಯಬಹುದು. ಅನೇಕರು ಇಲ್ಲಿಯೇ ನಿಂತುಬಿಡುತ್ತಾರೆ.

ಈ ಹಂತದಲ್ಲಿ ಮೇಷ್ಟ್ರು ಮಾತು ಕಡಿಮೆ ಮಾಡಿದರು. ಚೆಂಡು ಗುರಿಯಿಂದ ಒಂದು ಮೀಟರಿನೊಳಗೆ ಬಿದ್ದರೆ ಸುಮ್ಮನಿರುತ್ತಿದ್ದರು, ಅದರಾಚೆ ಬಿದ್ದರೆ ಮೊದಲು ಅವನನ್ನೇ ಕೇಳುತ್ತಿದ್ದರು. ಪ್ರತಿ ಹೊಡೆತಕ್ಕೂ ತಿದ್ದಿದರೆ ಹುಡುಗ ತನ್ನ ಕೈಯ ಅನುಭವ ಬಿಟ್ಟು ಶಿಕ್ಷಕರ ಮುಖ ನೋಡಲು ಕಲಿಯುತ್ತಾನೆ. ಒಂದೇ ಜಾಗಕ್ಕೆ ಇಪ್ಪತ್ತು ಹೊಡೆಸುವ ಬದಲು ಒಂದು, ಆರು, ಐದನೆಯ ಸ್ಥಾನಗಳಿಗೆ ಬದಲಿಸಿ ಬದಲಿಸಿ ಹೊಡೆಸಿದರು. ಆ ಸಂಜೆ ಗುರಿಗೆ ಬಿದ್ದವು ಕಡಿಮೆ, ನಮಗೆ ಬೇಸರ. ಅವರು ಲೆಕ್ಕ ಬರೆದುಕೊಳ್ಳುತ್ತಿದ್ದದ್ದು ಮರುದಿನ ಬೆಳಿಗ್ಗೆ, ಅಭ್ಯಾಸವಿಲ್ಲದೆ ಹೊಡೆದ ಮೊದಲ ಹತ್ತನ್ನು. ಸಂಜೆ ಕಂಡದ್ದು ಆ ಹೊತ್ತಿನ ಪ್ರದರ್ಶನ, ಬೆಳಿಗ್ಗೆ ಉಳಿದದ್ದು ಕಲಿಕೆ.

ಸ್ವಯಂಚಾಲಿತ ಹಂತ ತಲುಪಿದ್ದಾನೆಯೇ ಎಂದು ಬರೀ ಕಣ್ಣಿನಿಂದ ಹೇಳಲಾಗದು. ಅದಕ್ಕೆ ಅವರದು ಒಂದು ಪರೀಕ್ಷೆ. ಮೊದಲು ಹತ್ತು ಸರ್ವಿಸ್ ಸುಮ್ಮನೆ. ಆಮೇಲೆ ಹತ್ತು ಸರ್ವಿಸ್, ನೂರರಿಂದ ಮೂರು ಮೂರು ಕಳೆಯುತ್ತ ಗಟ್ಟಿಯಾಗಿ ಹೇಳಬೇಕು: ತೊಂಬತ್ತೇಳು, ತೊಂಬತ್ನಾಲ್ಕು... ಮೊದಲು ಎಂಟು ಬಿದ್ದು ಲೆಕ್ಕದ ಜೊತೆಗೂ ಏಳೆಂಟು ಬಿದ್ದರೆ, ಲೆಕ್ಕವೂ ತಡವರಿಸದಿದ್ದರೆ, ಸರ್ವಿಸಿಗೆ ಗಮನ ಅಷ್ಟಾಗಿ ಬೇಕಿಲ್ಲ. ನಾಲ್ಕಕ್ಕೆ ಇಳಿದರೆ ಅವನಿನ್ನೂ ಎರಡನೆಯ ಹಂತದಲ್ಲಿದ್ದಾನೆ. ನೆಟ್ಟಿನಾಚೆ ಬೆರಳು ತೋರಿಸಿ ಎಷ್ಟೆಂದು ಕೇಳುವ ಪದ್ಧತಿಯನ್ನು ಅವರು ಒಪ್ಪುತ್ತಿರಲಿಲ್ಲ. ಕಣ್ಣು ಚೆಂಡಿನಿಂದ ಬೆರಳಿಗೆ ಹೋಗಿ ಎಸೆತ ಕೆಟ್ಟರೆ, ಕೆಡಿಸಿದ್ದು ಗಮನದ ಕೊರತೆಯೋ ನೋಟವೋ ಎಂದು ತಿಳಿಯುವುದಿಲ್ಲ.

ಉಳಿಯುವ ಗಮನಕ್ಕೆ ಪಂದ್ಯದಲ್ಲಿ ಕೆಲಸವಿದೆ. ರೆಫರಿ ಸೀಟಿ ಊದಿದ ಮೇಲೆ ಎಂಟು ಸೆಕೆಂಡು. ಅಷ್ಟರಲ್ಲಿ ಎದುರಾಳಿಗಳಲ್ಲಿ ಯಾರ ಪಾಸ್ ದುರ್ಬಲ, ಇಬ್ಬರ ನಡುವಿನ ಖಾಲಿ ಎಲ್ಲಿದೆ ಎಂದು ನೋಡಬಲ್ಲವನು ಈ ಹಂತದವನೇ. ಆದರೆ ತಪ್ಪೂ ಹೀಗೆಯೇ ಸ್ವಯಂಚಾಲಿತವಾಗುತ್ತದೆ. ಮೊಣಕೈ ಇಳಿಸಿ ಹೊಡೆಯುವುದು ಒಮ್ಮೆ ಮೈಗೂಡಿತೆಂದರೆ ಬಿಡಿಸಲು ಮತ್ತೆ ಮೊದಲಿನಿಂದ ಹೊರಡಬೇಕು, ಸ್ವಲ್ಪ ಕಾಲ ಆಟ ಇನ್ನೂ ಕೆಡುತ್ತದೆ. ಇದನ್ನು ಟೂರ್ನಿಯ ಹಿಂದಿನ ವಾರ ಮಾಡಬಾರದು. ಪಂದ್ಯದ ನಡುವೆ "ಮೊಣಕೈ ನೋಡ್ಕೋ" ಎಂದು ಕೂಗುವ ತರಬೇತುದಾರ ತಾನಾಗಿ ನಡೆಯುತ್ತಿದ್ದ ಚಲನೆಯನ್ನು ಮತ್ತೆ ಬಿಡಿಬಿಡಿ ಮಾಡುತ್ತಾನೆ. ಸರ್ವಿಸ್ ನೆಟ್ಟಿಗೆ ಹೋಗುತ್ತದೆ.

ಹಂತ ಮನುಷ್ಯನದಲ್ಲ, ಕೌಶಲದ್ದು ಎಂದು ನಮಗೆ ಮನದಟ್ಟಾದದ್ದು ಕೊನೆಯ ಸೆಮಿಸ್ಟರಿನಲ್ಲಿ. ಖೋ-ಖೋ ಹುಡುಗ ಲೆಕ್ಕ ಹೇಳುತ್ತಲೇ ಎಂಟು ಹಾಕುವವನಾಗಿದ್ದ. ಜಂಪ್ ಸರ್ವಿಸ್ ಕಲಿಸಿ ಎಂದು ಕೇಳಿದ. ಈಗ ಚೆಂಡು ಹೊಡೆಯುವ ಕೈಯಿಂದಲೇ ಎತ್ತರಕ್ಕೆ, ಮುಂದಕ್ಕೆ ಹೋಗಬೇಕು. ಓಟ, ಗೆರೆಯ ಹಿಂದಿನ ನೆಗೆತ, ಹೊಡೆತ ಮೂರೂ ಕೂಡಬೇಕು. ಮೊದಲ ಮೂರು ಚೆಂಡು ಮೂರು ದಿಕ್ಕಿಗೆ ಹೋದವು. "ಏನಾಯಿತು?" "ಗೊತ್ತಾಗಲಿಲ್ಲ ಸಾರ್." ಮೇಷ್ಟ್ರು ಟೈರನ್ನು ಎತ್ತಿಕೊಂಡು ಹೋಗಿ ಈ ಸಲ ಗೆರೆಯಾಚೆ, ಅಂಕಣದ ಒಳಗೆ ಇಟ್ಟರು.