ಮದುವೆಗೆ ಮುಂಚೆ ಬರೆಸಿದ ನಾಮಿನಿ

ಬ್ಯಾಂಕಿನಲ್ಲಿ ಮೃತರ ಖಾತೆಗಳ ಕ್ಲೇಮ್ ನೋಡುವ ನಮ್ಮ ಮೇಜಿಗೆ ಮತ್ತೆ ಮತ್ತೆ ಬರುವ ತಕರಾರು ಒಂದೇ: ನಾಮಿನಿ ಒಬ್ಬರು, ವಾರಸುದಾರರು ಬೇರೆಯವರು.

ಒಂದು ಲೆಕ್ಕ ನೋಡಿ. ಹಿಂದೂ ಕುಟುಂಬದ ಒಬ್ಬರು ಮದುವೆಗೆ ಮುಂಚೆ ತಮ್ಮ ಸ್ವಂತ ದುಡಿಮೆಯ ₹12 ಲಕ್ಷ ಎಫ್‌ಡಿ ಇಟ್ಟು ಅಣ್ಣನನ್ನು ನಾಮಿನಿ ಮಾಡಿದರು. ಆಮೇಲೆ ಮದುವೆ, ಇಬ್ಬರು ಮಕ್ಕಳು. ವಿಲ್ ಬರೆಯದೆ ತೀರಿಕೊಂಡರು. ಬ್ಯಾಂಕ್ ಅಣ್ಣನಿಗೇ ಹಣ ಕೊಡುತ್ತದೆ, ಅಲ್ಲಿಗೆ ಅದರ ಹೊಣೆ ಮುಗಿಯಿತು. ಆದರೆ ಹಣ ಅಣ್ಣನದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಇಬ್ಬರು ಮಕ್ಕಳು, ಬದುಕಿರುವ ತಾಯಿಗೆ ತಲಾ ₹3 ಲಕ್ಷ. (ತಾಯಿಗೂ ಸಮಪಾಲು ಎಂದಾಗ ಅನೇಕರು ಹುಬ್ಬೇರಿಸುತ್ತಾರೆ.) ಅಣ್ಣ ಕೊಡದಿದ್ದರೆ ಕೋರ್ಟಿಗೆ ಹೋಗಬೇಕಾದವರು ಇವರೇ. ಷೇರು, ಮ್ಯೂಚುವಲ್ ಫಂಡಿಗೂ ಇದೇ ನಿಯಮ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದೆ.

ಪಿಎಫ್ ಮಾತ್ರ ಬೇರೆ. ಮದುವೆಗೆ ಮುಂಚೆ ಹೊರಗಿನವರ ಹೆಸರಿಗೆ ಮಾಡಿದ ನಾಮಿನೇಷನ್ ಸಂಸಾರವಾದ ಮೇಲೆ ತಾನಾಗಿಯೇ ರದ್ದಾಗುತ್ತದೆ. ಬ್ಯಾಂಕಿನದು ಹಾಗಲ್ಲ, ನೀವು ಬದಲಿಸುವವರೆಗೆ ಹಳೆಯ ಹೆಸರೇ ಉಳಿಯುತ್ತದೆ. ಹಾಗಾಗಿ ಪ್ರತಿ ಎಫ್‌ಡಿ ರಸೀದಿಯನ್ನೂ ತೆಗೆದು ನಾಮಿನಿ ಯಾರೆಂದು ನೋಡಿ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇರಲಿ. ರಸೀದಿಯಲ್ಲಿ ‘ಸಾವಿತ್ರಮ್ಮ’, ಆಧಾರ್‌ನಲ್ಲಿ ‘ಸಾವಿತ್ರಿ ಕೆ.’ ಎಂದಿದ್ದರೆ ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಕೊಂಡು ಬರಬೇಕಾದೀತು. 2025ರ ನವೆಂಬರ್‌ನಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಸಬಹುದು.

ಜಂಟಿ ಖಾತೆಯಾದರೆ ನಾಮಿನಿಯ ಸರದಿ ಬರುವುದು ಎಲ್ಲ ಖಾತೆದಾರರೂ ತೀರಿಕೊಂಡ ಮೇಲೆ. ‘ಈದರ್ ಆರ್ ಸರ್ವೈವರ್’ ಎಂದು ಬರೆಸಿದ್ದರೆ ಉಳಿದವರಿಗೆ ಅವಧಿ ಮುಗಿದಾಗ ಹಣ ಸಿಗುತ್ತದೆ. ಜನ ಎಡವುವುದು ಅವಧಿಗೆ ಮುಂಚೆ ಮುರಿಸಲು ಬಂದಾಗ. ಒಬ್ಬರು ತೀರಿಕೊಂಡರೆ ಇನ್ನೊಬ್ಬರೇ ಎಫ್‌ಡಿ ಮುರಿಸಬಹುದು ಎಂಬ ಜಂಟಿ ಒಪ್ಪಿಗೆಯನ್ನು ಇಬ್ಬರೂ ಮೊದಲೇ ಸಹಿ ಮಾಡಿ ಕೊಟ್ಟಿರಬೇಕು. ಇಲ್ಲದಿದ್ದರೆ ಎಲ್ಲ ವಾರಸುದಾರರ ಸಹಿ ಕೇಳುತ್ತಾರೆ, ಆಸ್ಪತ್ರೆಯ ಬಿಲ್ ಅಷ್ಟರವರೆಗೆ ಕಾಯುವುದಿಲ್ಲ.

ಮೇಲಿನ ಲೆಕ್ಕದಲ್ಲಿ ಇಡೀ ₹12 ಲಕ್ಷ ಹೆಂಡತಿಗೇ ಸೇರಬೇಕು ಎಂದಿದ್ದರೆ ಅದನ್ನು ಹೇಳಬೇಕಾದದ್ದು ವಿಲ್. ಅದಕ್ಕೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು, ನೋಂದಣಿಯೂ ಕಡ್ಡಾಯವಲ್ಲ. ಬರೆದವರು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಬೇಕು, ಸಾಕ್ಷಿಗಳೂ ಅವರ ಎದುರೇ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಿದರೆ ಅನುಮಾನಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಬರೀ ಎಫ್‌ಡಿ ನಂಬರ್ ಬರೆದು ಬಿಡಬೇಡಿ, ನವೀಕರಣವಾದಾಗ ಅದು ಬದಲಾಗಬಹುದು. ‘ಇಂಥ ಶಾಖೆಯಲ್ಲಿರುವ ನನ್ನ ಎಲ್ಲ ಠೇವಣಿಗಳು’ ಎಂದು ಬರೆದು, ನಾಮಿನಿಯನ್ನೂ ಅದೇ ಹೆಸರಿಗೆ ಬದಲಿಸಿ. ವಿಲ್‌ನ ಮೂಲಪ್ರತಿಯನ್ನು ನಿಮ್ಮೊಬ್ಬರದೇ ಹೆಸರಿನ ಲಾಕರಿನಲ್ಲಿ ಇಡಬೇಡಿ, ನೀವು ಹೋದ ಮೇಲೆ ಆ ಲಾಕರ್ ತೆರೆಸುವುದಕ್ಕೇ ಒಂದು ಕ್ಲೇಮ್ ಹಾಕಬೇಕಾಗುತ್ತದೆ.